ಮೂರು ದಿನದ ಸಂಬಳ ಎಲ್ಲಿ ಹೋಯ್ತು? ಪೇರೋಲ್‌ಗೆ ಬರೆಯಬೇಕಾದ ಒಂದು ಇಮೇಲ್

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಕೇಳುವಾಗ ಲೆಕ್ಕ ಕೈತಪ್ಪಿದವರಿಗೆ ಅಂಕಿಗಳೂ ಇಮೇಲಿನ ಮಾದರಿಯೂ ಇಲ್ಲಿ ಪೂರ್ತಿಯಾಗಿ ಇವೆ.)

ಇವತ್ತಿನ ಕಂತು ಶುರುವಾಗಿದ್ದು ದಾವಣಗೆರೆಯ ವಿದ್ಯಾನಗರದಿಂದ ಬಂದ ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದವರು ವಿದ್ಯಾನಗರದಲ್ಲಿ ಇಬ್ಬರು ಗೆಳೆಯರ ಜತೆ ರೂಮ್ ಮಾಡಿಕೊಂಡಿದ್ದಾರೆ, ಊರಿನಲ್ಲೇ ಒಂದು ಖಾಸಗಿ ಕಂಪನಿಯ ಆಫೀಸಿನಲ್ಲಿ ಕೆಲಸ. ಸೇರಿ ನಾಲ್ಕು ತಿಂಗಳಾಗಿದೆ, ಪ್ರೊಬೇಷನ್ ಮುಗಿಯೋಕೆ ಇನ್ನೂ ಎರಡು ತಿಂಗಳಿದೆ. ಅವರ ಹೆಸರು, ಕಂಪನಿಯ ಹೆಸರು ಎರಡನ್ನೂ ನಾನು ಹೇಳಲ್ಲ.

ಅವರು ಹೇಳಿದ್ದು ಇಷ್ಟು. ಸೆಪ್ಟೆಂಬರ್ ಸಂಬಳ ಎರಡು ಸಾವಿರ ಚಿಲ್ಲರೆ ಕಡಿಮೆ ಬಂತು. ಪೇರೋಲ್‌ನವರಿಗೆ ವಾಟ್ಸ್ಆ್ಯಪ್‌ನಲ್ಲಿ "ಸರ್, ಸ್ಯಾಲರಿ ಕಮ್ಮಿ ಬಂದಿದೆ, ಸ್ವಲ್ಪ ಚೆಕ್ ಮಾಡಿ" ಅಂತ ಕಳಿಸಿದರು. ಹತ್ತು ನಿಮಿಷಕ್ಕೆ ಉತ್ತರ ಬಂತು: "ಹಾಜರಾತಿ ಪ್ರಕಾರ ಸರಿ ಇದೆ." ಅಲ್ಲಿಗೆ ಮಾತು ನಿಂತಿತು. ರೂಮ್ ಬಾಡಿಗೆಗೆ ಗೆಳೆಯನ ಹತ್ತಿರ ಸಾಲ ಮಾಡಿದರು. ಆಮೇಲೆ ನಮ್ಮನ್ನು ಕೇಳಿದರು: "ಇನ್ನೊಂದು ಸಲ ಕೇಳಿದ್ರೆ ಕಿರಿಕಿರಿ ಪಾರ್ಟಿ ಅಂದ್ಕೊಳ್ತಾರಾ? ಪ್ರೊಬೇಷನ್‌ನಲ್ಲಿ ಇರೋನು ನಾನು. ಸುಮ್ನೆ ಬಿಟ್ಟುಬಿಡ್ಲಾ?"

ಬಿಡಬೇಡಿ ಅಂತ ಹೇಳೋದು ಸುಲಭ. ಆದರೆ ಆ ವಾಟ್ಸ್ಆ್ಯಪ್ ಯಾಕೆ ಕೆಲಸ ಮಾಡಲಿಲ್ಲ, ಯಾವ ಇಮೇಲ್ ಕೆಲಸ ಮಾಡುತ್ತೆ ಅನ್ನೋದನ್ನು ಇವತ್ತು ಬಿಡಿಸಿ ನೋಡೋಣ.

ಪೇರೋಲ್‌ನವರು ಸುಳ್ಳು ಹೇಳಿರಲಿಲ್ಲ

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. "ಹಾಜರಾತಿ ಪ್ರಕಾರ ಸರಿ ಇದೆ" ಅಂದದ್ದು ನಿಜ. ಪೇರೋಲ್‌ನವರು ನಿಮ್ಮನ್ನು ಆಫೀಸಿನಲ್ಲಿ ನೋಡಿ ಸಂಬಳ ಹಾಕೋದಿಲ್ಲ. ಅವರ ಕೈಗೆ ಪ್ರತಿ ತಿಂಗಳು ಒಂದು ಹಾಜರಾತಿ ಪಟ್ಟಿ ಬರುತ್ತೆ. ನೂರಾರು ಜನರ ಹೆಸರಿನ ಮುಂದೆ ಎಷ್ಟು ದಿನ ಬಂದರು, ಎಷ್ಟು ರಜೆ, ಎಷ್ಟು ದಿನ ಗೈರು ಅಂತ ಇರುತ್ತೆ. ಗೈರಾದ ದಿನಕ್ಕೆ ರಜೆ ಇಲ್ಲದಿದ್ದರೆ ಅದು ಎಲ್‌ಒಪಿ, ಅಂದರೆ ಸಂಬಳವಿಲ್ಲದ ದಿನ. ಪಟ್ಟಿಯನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ಅದು ಗುಣಿಸಿ, ಭಾಗಿಸಿ ಸಂಬಳ ತೆಗೆದುಕೊಡುತ್ತೆ. ಆ ಗುಣಾಕಾರ ಭಾಗಾಕಾರ ತಪ್ಪೋದು ಅಪರೂಪ. ತಪ್ಪೋದು ಒಳಗೆ ಹೋದ ಪಟ್ಟಿ.

ನಮ್ಮ ಕೇಳುಗರ ವಿಷಯದಲ್ಲಿ ಆದದ್ದೂ ಇದೇ. ಸೆಪ್ಟೆಂಬರ್ 10, 11, 12 ಈ ಮೂರು ದಿನ ಮ್ಯಾನೇಜರ್ ಅವರನ್ನು ಹರಿಹರದ ಶಾಖೆಗೆ ಕಳಿಸಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸ್. ಅವರ ಬೆರಳಚ್ಚು ದಾಖಲಾಗಿದ್ದು ದಾವಣಗೆರೆ ಆಫೀಸಿನ ಯಂತ್ರದಲ್ಲಿ ಮಾತ್ರ. ಹರಿಹರದ ಯಂತ್ರಕ್ಕೆ ಇವರು ಯಾರು ಅಂತಲೇ ಗೊತ್ತಿಲ್ಲ. ಅಲ್ಲಿನ ಸೆಕ್ಯುರಿಟಿಯವರು ಗೇಟಿನ ರಿಜಿಸ್ಟರ್‌ನಲ್ಲಿ ಸಹಿ ಮಾಡಿಸಿಕೊಂಡರು. ಹೀಗೆ ಬೇರೆ ಕಡೆ ಡ್ಯೂಟಿ ಮಾಡಿದಾಗ ಮೊಬೈಲ್ ಆ್ಯಪ್‌ನಲ್ಲಿ "ಆನ್ ಡ್ಯೂಟಿ" ಅಂತ ಅರ್ಜಿ ಹಾಕಬೇಕು, ಮ್ಯಾನೇಜರ್ ಅದನ್ನು ಒಪ್ಪಬೇಕು. ಇದನ್ನು ಹೊಸಬರಾದ ಇವರಿಗೆ ಯಾರೂ ಹೇಳಿರಲಿಲ್ಲ. ಆ ಕಂಪನಿಯಲ್ಲಿ ಹಾಜರಾತಿ ಲೆಕ್ಕ ಪ್ರತಿ ತಿಂಗಳು 25ಕ್ಕೆ ಬಂದ್ ಆಗುತ್ತೆ. 25ರ ರಾತ್ರಿ ಪಟ್ಟಿಯಲ್ಲಿ ಆ ಮೂರು ಮನೆ ಖಾಲಿ. ಖಾಲಿ ಅಂದರೆ ಗೈರು, ಗೈರು ಅಂದರೆ ಎಲ್‌ಒಪಿ.

ಹೀಗಾಗೋದು ಸಣ್ಣ ಆಫೀಸಿನಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಮ್ಮದೇ ರಾಜ್ಯದ ಕೋಲಾರ ಜಿಲ್ಲೆ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, 2020ರ ಡಿಸೆಂಬರ್ 12ರಂದು ಸಂಬಳದ ಅಸಮಾಧಾನ ಗಲಭೆಯಾಗಿ ಸ್ಫೋಟಿಸಿತ್ತು. ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಕಂಡ ಲೋಪಗಳಲ್ಲಿ ಒಂದು, ಹಾಜರಾತಿ ದಾಖಲಿಸೋ ವ್ಯವಸ್ಥೆಯೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಅನ್ನೋದು. ಕೆಲಸಗಾರರ ಸಂಖ್ಯೆ ಸ್ವಲ್ಪ ಕಾಲದಲ್ಲೇ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಅದನ್ನು ನಿಭಾಯಿಸುವ ಎಚ್‌ಆರ್ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಒಂದು ವಾರದ ನಂತರ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡೋದನ್ನು ಆ್ಯಪಲ್ ತಡೆಹಿಡಿಯಿತು. ಅಷ್ಟು ದೊಡ್ಡ ಕಾರ್ಖಾನೆಯಲ್ಲೂ ಹಾಜರಾತಿಯ ತಪ್ಪು ನೇರವಾಗಿ ಸಂಬಳದ ತಪ್ಪಾಗಿತ್ತು.

ಹಾಗಾಗಿ ನಮ್ಮ ಇಮೇಲ್ "ನಿಮ್ಮ ಲೆಕ್ಕ ತಪ್ಪು" ಅನ್ನಬಾರದು. "ನಿಮಗೆ ಬಂದ ಪಟ್ಟಿಯಲ್ಲಿ ಈ ಮೂರು ದಿನ ತಪ್ಪಾಗಿದೆ, ಇಗೋ ಪುರಾವೆ" ಅನ್ನಬೇಕು.

ಬರೆಯೋ ಮೊದಲು ಲೆಕ್ಕ

ಪೇಸ್ಲಿಪ್ ತೆರೆದರೆ ಎಲ್ಲರ ಕಣ್ಣೂ ಕೊನೆಯ ಸಾಲಿಗೆ, ಕೈಗೆ ಬಂದ ಮೊತ್ತಕ್ಕೆ ಹೋಗುತ್ತೆ. ನೀವು ಮೊದಲು ನೋಡಬೇಕಾದ್ದು ಮೇಲಿರೋ ದಿನಗಳ ಸಾಲು. ಸಾಮಾನ್ಯವಾಗಿ ಅಲ್ಲಿ Paid Days, LOP Days ಅಂತ ಇರುತ್ತೆ. ನಮ್ಮ ಕೇಳುಗರ ಪೇಸ್ಲಿಪ್‌ನಲ್ಲಿ Paid Days 27, LOP Days 3 ಅಂತ ಇತ್ತು. ಅವರು ಅದನ್ನು ನೋಡಿಯೇ ಇರಲಿಲ್ಲ.

ಅವರ ತಿಂಗಳ ಒಟ್ಟು ಸಂಬಳ 27,000 ರೂಪಾಯಿ. ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 21,600, ಎಚ್‌ಆರ್‌ಎ 5,400. ಇಎಸ್‌ಐ ಮಿತಿ 21,000 ದಾಟಿರೋದರಿಂದ ಆ ಕಡಿತ ಇಲ್ಲ. ಈ ಕಂಪನಿ ಪೂರ್ತಿ ಬೇಸಿಕ್ ಮೇಲೆ ಶೇಕಡ 12 ಪಿಎಫ್ ಹಿಡಿಯುತ್ತೆ. ಜತೆಗೆ ಕರ್ನಾಟಕದ ವೃತ್ತಿ ತೆರಿಗೆ ಇದೆ. ಈಗ ಹೋಲಿಸಿ ನೋಡಿ.

ಪೂರ್ತಿ 30 ದಿನಕ್ಕೆ ಬರಬೇಕಿದ್ದದ್ದು: ಒಟ್ಟು 27,000. ಪಿಎಫ್ 2,592, ವೃತ್ತಿ ತೆರಿಗೆ 200. ಕೈಗೆ 24,208.

27 ದಿನಕ್ಕೆ ಬಂದದ್ದು: ಬೇಸಿಕ್ 19,440, ಎಚ್‌ಆರ್‌ಎ 4,860, ಒಟ್ಟು 24,300. ಪಿಎಫ್ 2,333, ವೃತ್ತಿ ತೆರಿಗೆ ಸೊನ್ನೆ. ಕೈಗೆ 21,967.

ಕೈಯಲ್ಲಿ ಕಡಿಮೆಯಾದದ್ದು 2,241 ರೂಪಾಯಿ. ಆದರೆ ಸಂಬಳದಲ್ಲಿ ಹೋದದ್ದು 2,700. ದಿನಕ್ಕೆ 900ರಂತೆ ಮೂರು ದಿನ. ಈ ಎರಡರ ನಡುವೆ 459 ರೂಪಾಯಿ ವ್ಯತ್ಯಾಸ ಇದೆ. ಅದು ಎಲ್ಲಿಂದ ಬಂತು?

ಸಂಬಳ ಇಳಿದಾಗ ಪಿಎಫ್ ಕೂಡ 259 ರೂಪಾಯಿ ಕಡಿಮೆ ಹಿಡಿದರು. ಅದು ನಿಮ್ಮದೇ ಉಳಿತಾಯ, ಅಷ್ಟು ಖಾತೆಗೆ ಹೋಗಲಿಲ್ಲ. ಕಂಪನಿ ತನ್ನ ಕಡೆಯಿಂದ ಹಾಕೋ ಪಾಲೂ ಅಷ್ಟೇ ಕಡಿಮೆಯಾಯ್ತು. ಅದು ಪೇಸ್ಲಿಪ್‌ನ ಕಡಿತದ ಪಟ್ಟಿಯಲ್ಲಿ ಕಾಣೋದೇ ಇಲ್ಲ. ಉಳಿದ 200 ವೃತ್ತಿ ತೆರಿಗೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳ ಇರೋರಿಗೆ ಮಾತ್ರ ವೃತ್ತಿ ತೆರಿಗೆ. ತಿಂಗಳಿಗೆ 200, 2025ರಿಂದ ಫೆಬ್ರವರಿಗೆ ಮಾತ್ರ 300. ಎಲ್‌ಒಪಿ ಕಳೆದ ಮೇಲೆ ಇವರ ಸಂಬಳ 24,300ಕ್ಕೆ, ಅಂದರೆ ಮಿತಿಯ ಕೆಳಗೆ ಇಳಿಯಿತು. ಸಾಫ್ಟ್‌ವೇರ್ ತೆರಿಗೆ ಬಿಟ್ಟುಬಿಡ್ತು.

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಇಮೇಲಿನಲ್ಲಿ "ನನಗೆ 2,241 ಕೊಡಿ" ಅಂತ ಬರೆದರೆ ನೀವು ಬ್ಯಾಂಕಿಗೆ ಬಂದ ಹಣವನ್ನಷ್ಟೇ ಕೇಳಿದಂತಾಗುತ್ತೆ, ಪಿಎಫ್ ಕೈಬಿಟ್ಟಿರುತ್ತೀರಿ. "2,700 ಬ್ಯಾಂಕಿಗೆ ಹಾಕಿ" ಅಂದರೂ ತಪ್ಪು, ಅಷ್ಟು ಬರೋದಿಲ್ಲ. ಸರಿಯಾದ ಕೋರಿಕೆ ಹೀಗಿರಬೇಕು: ಮೂರು ದಿನದ ಎಲ್‌ಒಪಿ ತೆಗೆದುಹಾಕಿ, ಒಟ್ಟು ವೇತನದ ಬಾಕಿ 2,700 ಸೇರಿಸಿ, ಅದರ ಮೇಲೆ ಬರಬೇಕಾದ ಪಿಎಫ್ ಮತ್ತು ತೆರಿಗೆ ಹಿಡಿದುಕೊಳ್ಳಿ.

ಒಂದು ದಿನದ ಸಂಬಳ ಎಷ್ಟು ಅನ್ನೋದನ್ನೂ ನೋಡಿಕೊಳ್ಳಿ. ಇಲ್ಲಿ 27,000ವನ್ನು ತಿಂಗಳ 30 ದಿನಕ್ಕೆ ಭಾಗಿಸಿದ್ದಾರೆ. ಕೆಲವು ಕಂಪನಿಗಳು ವಾರದ ರಜೆ ಬಿಟ್ಟು 26ಕ್ಕೆ ಭಾಗಿಸ್ತಾವೆ. ಆಗ ದಿನಕ್ಕೆ 1,038 ಆಗುತ್ತೆ. ನಿಮ್ಮ ಆಫರ್ ಲೆಟರ್ ಅಥವಾ ಎಚ್‌ಆರ್ ನಿಯಮದಲ್ಲಿ ಯಾವುದಿದೆಯೋ ಅದೇ ನಿಮ್ಮ ಲೆಕ್ಕ. ಕಡಿತಕ್ಕೆ ಯಾವ ಭಾಜಕ ಬಳಸಿದರೋ ಬಾಕಿ ಕೊಡುವಾಗಲೂ ಅದೇ ಇರಬೇಕು. 26ರಿಂದ ಕಳೆದು 30ರಿಂದ ಕೊಟ್ಟರೆ ಮೂರು ದಿನಕ್ಕೆ ನಾನ್ನೂರಕ್ಕೂ ಹೆಚ್ಚು ರೂಪಾಯಿ ಕೈಬಿಟ್ಟು ಹೋಗುತ್ತೆ.

ಪುರಾವೆ ಮೊದಲು, ಇಮೇಲ್ ಆಮೇಲೆ

ಪೇರೋಲ್‌ನವರಿಗೆ ಪಟ್ಟಿ ತಿದ್ದೋ ಅಧಿಕಾರ ತಾವಾಗಿಯೇ ಇರೋದಿಲ್ಲ. "ಹೌದು, ಇವರು ಬಂದಿದ್ದರು" ಅಂತ ಮ್ಯಾನೇಜರ್ ಬರಹದಲ್ಲಿ ಹೇಳಬೇಕು. ಆದ್ದರಿಂದ ಮೊದಲ ಮೆಸೇಜ್ ಹೋಗಬೇಕಾದ್ದು ಪೇರೋಲ್‌ಗೆ ಅಲ್ಲ, ಮ್ಯಾನೇಜರ್‌ಗೆ. ಅದೂ ಇಮೇಲಿನಲ್ಲಿ. ನಮ್ಮ ಕೇಳುಗರು ಕಳಿಸಿದ್ದು ಎರಡೇ ಸಾಲು: "ಸರ್, ಸೆಪ್ಟೆಂಬರ್ 10, 11, 12ರಂದು ನೀವು ಹೇಳಿದಂತೆ ಹರಿಹರ ಶಾಖೆಯಲ್ಲಿ ಕೆಲಸ ಮಾಡಿದ್ದೆ. ಆ ದಿನಗಳು ಹಾಜರಾತಿಯಲ್ಲಿ ಗೈರು ಅಂತ ಬಂದಿವೆ. ನಾನು ಡ್ಯೂಟಿಯಲ್ಲಿದ್ದೆ ಎಂದು ದಯವಿಟ್ಟು ಈ ಮೇಲ್‌ಗೇ ಉತ್ತರಿಸಿ ಖಚಿತಪಡಿಸಿ, ಪೇರೋಲ್‌ಗೆ ಸಲ್ಲಿಸಬೇಕಿದೆ." ಮ್ಯಾನೇಜರ್ ಸಂಜೆಯೊಳಗೆ "ಖಚಿತಪಡಿಸುತ್ತೇನೆ" ಅಂತ ಉತ್ತರ ಹಾಕಿದರು. ಈ ಒಂದು ಪದವೇ ಇಡೀ ಪ್ರಕರಣದ ಬೀಗದ ಕೈ.

ಇದರ ಜತೆಗೆ ಇನ್ನೆರಡು ಪುರಾವೆ ಸಾಕು. ಒಂದು, ಹರಿಹರಕ್ಕೆ ಹೋಗು ಅಂತ ಮ್ಯಾನೇಜರ್ 9ರ ಸಂಜೆ ಹಾಕಿದ್ದ ವಾಟ್ಸ್ಆ್ಯಪ್ ಮೆಸೇಜಿನ ಸ್ಕ್ರೀನ್‌ಶಾಟ್, ದಿನಾಂಕ ಕಾಣೋ ಹಾಗೆ. ಎರಡು, ಗೇಟ್ ರಿಜಿಸ್ಟರ್‌ನಲ್ಲಿ ಇವರ ಸಹಿ ಇರೋ ಸಾಲುಗಳ ಫೋಟೋ. ಬೇರೆಯವರ ಹೆಸರು, ಫೋನ್ ನಂಬರ್ ಇರೋ ಸಾಲುಗಳು ಬರದ ಹಾಗೆ ಫೋಟೋ ಕತ್ತರಿಸಿ ಕಳಿಸಿ.

ಇನ್ನೊಂದು ಮಾತು. ನಿಮ್ಮ ಕಡೆಯೂ ಒಮ್ಮೆ ನೋಡಿಕೊಳ್ಳಿ. ರಜೆ ಹಾಕಿದ್ದು ಒಪ್ಪಿಗೆಯಾಗದೆ ಉಳಿದಿದೆಯಾ? ರಜೆಯ ಲೆಕ್ಕ ಮುಗಿದ ಮೇಲೆ ರಜೆ ಹಾಕಿದ್ರಾ? ಶನಿವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ರಜೆಗೇ ಸೇರಿಸೋ ನಿಯಮ ಕೆಲವು ಕಂಪನಿಗಳಲ್ಲಿದೆ. ಹಾಗಿದ್ದರೆ ಅದು ತಪ್ಪು ಕಡಿತ ಅಲ್ಲ, ಆ ವಾದವೇ ಬೇರೆ.

ಇಮೇಲ್

ಈಗ ಆ ಇಮೇಲ್. ಬಹಳಷ್ಟು ಕಂಪನಿಗಳಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತೆ. ಭಾಷೆ ಯಾವುದಾದರೂ ಕ್ರಮ ಇದೇ ಇರಲಿ. ಪೇರೋಲ್‌ಗೆ ಕಳಿಸಿ, ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರನ್ನೂ ಸಿಸಿಯಲ್ಲಿ ಇಡಿ. ಮ್ಯಾನೇಜರ್‌ರ "ಖಚಿತಪಡಿಸುತ್ತೇನೆ" ಉತ್ತರ ಇದೆಯಲ್ಲ, ಅದನ್ನೇ ಫಾರ್ವರ್ಡ್ ಮಾಡಿ ಅದರ ಮೇಲೆ ಬರೆಯಿರಿ. ಆಗ ಒಪ್ಪಿಗೆ ಇಮೇಲಿನೊಳಗೇ ಇರುತ್ತೆ, ಯಾರೂ ಹುಡುಕಬೇಕಾಗಿಲ್ಲ.

ವಿಷಯ: ಸೆಪ್ಟೆಂಬರ್ ಪೇಸ್ಲಿಪ್‌ನಲ್ಲಿ 3 ದಿನ ಎಲ್‌ಒಪಿ ತಪ್ಪಾಗಿ ಕಡಿತ, ತಿದ್ದುಪಡಿ ಮತ್ತು ಬಾಕಿಗಾಗಿ ಕೋರಿಕೆ, ಎಂಪ್ಲಾಯಿ ಕೋಡ್ (ನಿಮ್ಮ ಕೋಡ್)

ಮಾನ್ಯರೇ,

ನನ್ನ ಸೆಪ್ಟೆಂಬರ್ ಪೇಸ್ಲಿಪ್‌ನಲ್ಲಿ ಸೆಪ್ಟೆಂಬರ್ 10, 11 ಮತ್ತು 12 ಈ 3 ದಿನಗಳನ್ನು ಎಲ್‌ಒಪಿ ಎಂದು ಪರಿಗಣಿಸಿ, ಒಟ್ಟು ವೇತನದಲ್ಲಿ 2,700 ರೂಪಾಯಿ ಕಡಿತ ಮಾಡಲಾಗಿದೆ.

ಈ ಮೂರೂ ದಿನ ನಾನು ಮ್ಯಾನೇಜರ್ ಸೂಚನೆಯಂತೆ ಹರಿಹರ ಶಾಖೆಯಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿನ ಬಯೋಮೆಟ್ರಿಕ್ ಯಂತ್ರದಲ್ಲಿ ನನ್ನ ನೋಂದಣಿ ಇಲ್ಲದ ಕಾರಣ ಹಾಜರಾತಿ ದಾಖಲಾಗಿಲ್ಲ. ಆ್ಯಪ್‌ನಲ್ಲಿ ಆನ್ ಡ್ಯೂಟಿ ಅರ್ಜಿ ಹಾಕಬೇಕೆಂಬುದು ನನಗೆ ಆಗ ತಿಳಿದಿರಲಿಲ್ಲ. ಮ್ಯಾನೇಜರ್ ಅವರ ದೃಢೀಕರಣ ಈ ಇಮೇಲಿನ ಕೆಳಗಿದೆ. ಗೇಟ್ ರಿಜಿಸ್ಟರ್‌ನ ಫೋಟೋ, ಡ್ಯೂಟಿ ಸೂಚನೆಯ ಸ್ಕ್ರೀನ್‌ಶಾಟ್ ಮತ್ತು ಪೇಸ್ಲಿಪ್ ಲಗತ್ತಿಸಿದ್ದೇನೆ.

ದಯವಿಟ್ಟು,
1. ಈ 3 ದಿನಗಳನ್ನು ಹಾಜರಾತಿಯಲ್ಲಿ ಆನ್ ಡ್ಯೂಟಿ ಎಂದು ತಿದ್ದಿ, ಎಲ್‌ಒಪಿ ರದ್ದುಪಡಿಸಿ.
2. ಬಾಕಿ 2,700 ರೂಪಾಯಿಯನ್ನು (ಬೇಸಿಕ್ ಮತ್ತು ಡಿಎ 2,160, ಎಚ್‌ಆರ್‌ಎ 540) ಅಕ್ಟೋಬರ್ ವೇತನದಲ್ಲಿ ಸೆಪ್ಟೆಂಬರ್‌ನ ಬಾಕಿ ಎಂದು ಪ್ರತ್ಯೇಕವಾಗಿ ತೋರಿಸಿ ಪಾವತಿಸಿ.
3. ಈ ಬಾಕಿಯ ಮೇಲಿನ ಪಿಎಫ್ ಅನ್ನು, ನನ್ನ ಮತ್ತು ಕಂಪನಿಯ ಎರಡೂ ಪಾಲು, ಸೆಪ್ಟೆಂಬರ್ ತಿಂಗಳಿಗೆ ಸಂಬಂಧಿಸಿ ಜಮಾ ಮಾಡಿ.

ಅಕ್ಟೋಬರ್ 25ರ ಹಾಜರಾತಿ ಗಡುವಿನೊಳಗೆ ಇದು ಸೇರುತ್ತದೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಇನ್ನಾವುದಾದರೂ ದಾಖಲೆ ಬೇಕಿದ್ದರೆ ಒದಗಿಸುತ್ತೇನೆ.

ವಂದನೆಗಳೊಂದಿಗೆ,
(ಹೆಸರು, ಎಂಪ್ಲಾಯಿ ಕೋಡ್, ವಿಭಾಗ)

ಇದರಲ್ಲಿ ಬೈಗುಳ ಇಲ್ಲ, ಬೇಡಿಕೊಳ್ಳೋದೂ ಇಲ್ಲ. ಆನ್ ಡ್ಯೂಟಿ ಅರ್ಜಿ ಹಾಕಿರಲಿಲ್ಲ ಅನ್ನೋ ತಮ್ಮ ಕೊರತೆಯನ್ನು ಅವರೇ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ. ಇದು ಬೇಕು. ಇಲ್ಲದಿದ್ದರೆ ಪೇರೋಲ್‌ನಿಂದ ಮೊದಲ ಉತ್ತರವೇ "ನೀವು ಯಾಕೆ ಅರ್ಜಿ ಹಾಕಿಲ್ಲ?" ಅಂತ ಬರುತ್ತೆ, ಅದರಲ್ಲೇ ಒಂದು ವಾರ ಹೋಗುತ್ತೆ.

ಅಕ್ಟೋಬರ್ 25 ಅಂತ ದಿನಾಂಕ ಹಾಕಿದ್ದೂ ಸುಮ್ಮನೆ ಅಲ್ಲ. ಒಂದು ತಿಂಗಳ ಸಂಬಳ ಒಮ್ಮೆ ಹಾಕಿಯಾದ ಮೇಲೆ ಪೇರೋಲ್‌ನವರು ಆ ತಿಂಗಳನ್ನು ಮತ್ತೆ ತೆರೆಯೋದು ಕಡಿಮೆ. ತಿದ್ದುಪಡಿ ಮುಂದಿನ ತಿಂಗಳ ಸಂಬಳದಲ್ಲಿ ಬಾಕಿಯಾಗಿ ಬರುತ್ತೆ. 25ರೊಳಗೆ ಅವರ ಪಟ್ಟಿಗೆ ಸೇರದಿದ್ದರೆ ಅದು ನವೆಂಬರ್‌ಗೆ ಹೋಗುತ್ತೆ. ಇವರು ಇಮೇಲ್ ಹಾಕಿದ್ದು ಅಕ್ಟೋಬರ್ ಮೊದಲ ವಾರದಲ್ಲಿ, ಹಾಗಾಗಿ ಕೈಯಲ್ಲಿ ಸಮಯ ಇತ್ತು.

ಉತ್ತರ ಬಂತು, ಆದರೆ

ಎರಡು ದಿನಕ್ಕೆ ಎಚ್‌ಆರ್‌ನಿಂದ ಉತ್ತರ ಬಂತು. ಬಹಳ ಸ್ನೇಹದ ಉತ್ತರ. "ಸೆಪ್ಟೆಂಬರ್ ಹಾಜರಾತಿ ಬಂದ್ ಆಗಿದೆ. ನಿಮ್ಮ ಖಾತೆಯಲ್ಲಿ ನಾಲ್ಕು ದಿನ ರಜೆ ಇದೆ. ಮೂರು ದಿನಕ್ಕೆ ರಜೆ ಹಾಕಿಬಿಡಿ, ಸಂಬಳ ವಾಪಸ್ ಬರುತ್ತೆ."

ಕೇಳೋಕೆ ಚೆನ್ನಾಗಿದೆ ಅಲ್ವಾ? ನಮ್ಮ ಕೇಳುಗರು ಇನ್ನೇನು ಹಾಕಿಯೇಬಿಡ್ತಿದ್ದರು. ಯೋಚನೆ ಮಾಡಿ ನೋಡಿ. ಅವರು ಆ ಮೂರು ದಿನ ಕೆಲಸ ಮಾಡಿದ್ದಾರೆ. ಈಗ ರಜೆ ಹಾಕಿದರೆ, ಕೆಲಸ ಮಾಡಿದ ದಿನಕ್ಕೆ ತಮ್ಮದೇ ರಜೆ ಕೊಟ್ಟು ತಮ್ಮದೇ ಸಂಬಳ ಕೊಂಡುಕೊಂಡ ಹಾಗೆ. ದೀಪಾವಳಿಗೆ ಊರಿಗೆ ಹೋಗೋಕೆ ಒಂದೇ ದಿನ ಉಳಿಯುತ್ತೆ. ಅದಕ್ಕಿಂತ ಮುಖ್ಯವಾಗಿ, ನಾನು ಆ ದಿನ ಕೆಲಸಕ್ಕೆ ಬಂದಿರಲಿಲ್ಲ ಅಂತ ಅವರೇ ದಾಖಲೆಯಲ್ಲಿ ಒಪ್ಪಿಕೊಂಡಂತಾಗುತ್ತೆ. ಹರಿಹರದಲ್ಲಿ ಆ ದಿನಗಳ ಕೆಲಸದ ಬಗ್ಗೆ ನಾಳೆ ಏನಾದರೂ ಪ್ರಶ್ನೆ ಬಂದರೆ ಇವರು ಅಲ್ಲಿ ಇದ್ದರೋ ಇಲ್ಲವೋ?

ಅವರು ಅದೇ ಇಮೇಲಿಗೆ ಎರಡು ಸಾಲು ಉತ್ತರ ಹಾಕಿದರು: "ಸಲಹೆಗೆ ಧನ್ಯವಾದ. ಆ ದಿನಗಳಲ್ಲಿ ನಾನು ರಜೆಯಲ್ಲಿರಲಿಲ್ಲ, ಡ್ಯೂಟಿಯಲ್ಲಿದ್ದೆ, ಮ್ಯಾನೇಜರ್ ದೃಢೀಕರಿಸಿದ್ದಾರೆ. ಆದ್ದರಿಂದ ರಜೆಯ ಬದಲು ಆನ್ ಡ್ಯೂಟಿ ಎಂದೇ ತಿದ್ದಿ, ಬಾಕಿಯನ್ನು ಅಕ್ಟೋಬರ್ ವೇತನದಲ್ಲಿ ಸೇರಿಸಲು ಕೋರುತ್ತೇನೆ." ಮಾರನೇ ದಿನ ಎಚ್‌ಆರ್ ಪೇರೋಲ್‌ಗೆ ಒಪ್ಪಿಗೆ ಕೊಟ್ಟರು. ಪೋರ್ಟಲ್‌ನಲ್ಲಿ ಕಿಟಕಿ ಮುಚ್ಚಿದ್ದರೂ ಅವರ ಕಡೆಯಿಂದ ಕೈಯಾರೆ ತಿದ್ದೋ ದಾರಿ ಇದ್ದೇ ಇರುತ್ತೆ.

ಬಾಕಿ ಸರಿಯಾಗಿ ಬಂತಾ ಅಂತ ನೋಡೋದು

ಅಕ್ಟೋಬರ್ ಪೇಸ್ಲಿಪ್ ಬಂತು. ಈಗಲೂ ಕೊನೆಯ ಸಾಲಿಗೆ ಓಡಬೇಡಿ. ಅವರಿಗೆ ಬಂದದ್ದು ಹೀಗಿತ್ತು. ಮಾಮೂಲಿ 27,000. ಅದರ ಕೆಳಗೆ ಎಲ್‌ಒಪಿ ವಾಪಸಾತಿ ಅಂತ ಬೇಸಿಕ್ ಮತ್ತು ಡಿಎ 2,160, ಎಚ್‌ಆರ್‌ಎ 540. ಒಟ್ಟು 29,700. ಪಿಎಫ್ 2,851. ವೃತ್ತಿ ತೆರಿಗೆ 400, ಅಂದರೆ ಅಕ್ಟೋಬರ್‌ನ 200 ಮತ್ತು ಸೆಪ್ಟೆಂಬರ್‌ನಲ್ಲಿ ಬಿಟ್ಟುಹೋಗಿದ್ದ 200. ಕೈಗೆ 26,449. ಮಾಮೂಲಿ 24,208ಕ್ಕಿಂತ ಸರಿಯಾಗಿ 2,241 ಹೆಚ್ಚು.

ಆ 400 ನೋಡಿ ಅವರಿಗೆ ಗಾಬರಿಯಾಯ್ತು, ಮತ್ತೆ ತಪ್ಪು ಕಡಿತ ಅಂದುಕೊಂಡರು. ಅಲ್ಲ. ಸೆಪ್ಟೆಂಬರ್ ಸಂಬಳ ಈಗ ಮತ್ತೆ 27,000 ಆಗಿದೆ, 25,000ದ ಮಿತಿ ದಾಟಿದೆ, ಹಾಗಾಗಿ ಆ ತಿಂಗಳ ತೆರಿಗೆಯೂ ಬಂತು. ಲೆಕ್ಕ ಮೊದಲೇ ಮಾಡಿಟ್ಟುಕೊಂಡಿದ್ದರೆ ಇಂಥ ಸಾಲುಗಳು ಹೆದರಿಸಲ್ಲ.

ನಿಜವಾಗಿ ಹುಷಾರಾಗಿರಬೇಕಾದ್ದು ಬೇರೆ ಕಡೆ. ಕೆಲವೊಮ್ಮೆ ಗಡಿಬಿಡಿಯಲ್ಲಿ ಪೇರೋಲ್‌ನವರು ಬಾಕಿಯನ್ನು "ಇತರೆ ಗಳಿಕೆ" ಅನ್ನೋ ಸಾಲಿನಲ್ಲಿ ಇಡಿಯಾಗಿ 2,700 ಅಂತ ಹಾಕಿಬಿಡ್ತಾರೆ. ಪಿಎಫ್ ಹಿಡಿದಿರೋದಿಲ್ಲ, ಕೈಗೆ ಸ್ವಲ್ಪ ಹೆಚ್ಚೇ ಬರುತ್ತೆ, ನಿಮಗೂ ಖುಷಿ. ಆದರೆ ಮೂರು ದಿನ ಮಾತ್ರ ದಾಖಲೆಯಲ್ಲಿ ಇನ್ನೂ ಗೈರೇ. ಕಂಪನಿ ಪ್ರತಿ ತಿಂಗಳು ಪಿಎಫ್ ಕಚೇರಿಗೆ ಸಲ್ಲಿಸೋ ವಿವರದಲ್ಲಿ NCP Days ಅಂತ ಒಂದು ಕಾಲಂ ಇದೆ. ವಂತಿಗೆ ಇಲ್ಲದ ದಿನಗಳು ಎಷ್ಟು ಅಂತ ಅಲ್ಲಿ ತುಂಬ್ತಾರೆ. ಪಿಂಚಣಿಗೆ ಸೇವೆಯ ಅವಧಿ ಎಣಿಸುವಾಗ ಈ ದಿನಗಳಿಗೆ ಬೆಲೆ ಇದೆ. ಇಪ್ಪತ್ತಮೂರು ವರ್ಷದಲ್ಲಿ ಪಿಂಚಣಿ ಯಾರಿಗೆ ನೆನಪಾಗುತ್ತೆ ಹೇಳಿ! ಅದಕ್ಕೇ ಇಮೇಲಿನ ಮೂರನೇ ಕೋರಿಕೆ.

ಇದನ್ನು ಪರೀಕ್ಷಿಸೋದು ಸುಲಭ. ಬಾಕಿ ಬಂದ ಮೇಲೆ ಒಂದೆರಡು ತಿಂಗಳು ಬಿಟ್ಟು, ಇಪಿಎಫ್‌ಒ ಪಾಸ್‌ಬುಕ್ ಅಥವಾ UMANG ಆ್ಯಪ್ ತೆರೆಯಿರಿ. ಅಲ್ಲಿ ಪ್ರತಿ ತಿಂಗಳಿಗೆ ಯಾವ ವೇತನದ ಮೇಲೆ ಎಷ್ಟು ಜಮಾ ಆಯ್ತು ಅಂತ ಕಾಣುತ್ತೆ. ನಿಮ್ಮ ಪಾಲಿನ 2,592 ಪೂರ್ತಿ ಬಂದಿದೆಯಾ, ಅಥವಾ 2,333ಕ್ಕೇ ನಿಂತು ಉಳಿದ 259 ಎಲ್ಲೂ ಕಾಣ್ತಿಲ್ವಾ ಅಂತ ನೋಡಿ. ಕಾಣದಿದ್ದರೆ ಅದೇ ಇಮೇಲಿಗೆ ಇನ್ನೊಂದು ಉತ್ತರ ಹಾಕಿ. ಹೊಸ ಇಮೇಲ್ ಶುರು ಮಾಡಬೇಡಿ, ಹಳೇ ಸರಪಳಿ ಮುರಿಯಬಾರದು.

ಯಾರೂ ಕೇಳದಿದ್ದರೆ

ಎಲ್ಲರಿಗೂ ಇಷ್ಟು ಸಲೀಸಾಗಿ ಆಗೋದಿಲ್ಲ ಅಂತ ಗೊತ್ತು. ಇಮೇಲಿಗೆ ಉತ್ತರವೇ ಬಾರದಿದ್ದರೆ ಒಂದು ವಾರ ಬಿಟ್ಟು ಅದೇ ಸರಪಳಿಯಲ್ಲಿ ನೆನಪಿಸಿ. ಎರಡು ಸಂಬಳ ಕಳೆದರೂ ಬಾರದಿದ್ದರೆ ಎಚ್‌ಆರ್ ಮುಖ್ಯಸ್ಥರಿಗೆ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು.

ಕಾನೂನು ಏನು ಹೇಳುತ್ತೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ 2019ರ ಪ್ರಕಾರ, ಗೈರಿಗೆ ಕಡಿತ ಮಾಡಬಹುದು. ಆದರೆ ನಿಜವಾಗಿ ಗೈರಾದ ಅವಧಿಗೆ, ಅದೇ ಅನುಪಾತದಲ್ಲಿ ಮಾತ್ರ. ಕೆಲಸ ಮಾಡಿದ ದಿನಕ್ಕೆ ಗೈರಿನ ಕಡಿತ ಅನ್ನೋದೇ ಇಲ್ಲ. ತಪ್ಪು ಕಡಿತದ ಬಗ್ಗೆ ಅರ್ಜಿ ಹಾಕೋಕೆ ಮೂರು ವರ್ಷ ಸಮಯ ಇದೆ. ಹಳೆಯ 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದು ಹನ್ನೆರಡೇ ತಿಂಗಳಿತ್ತು.

ಆದರೆ ಆ ಹಂತಕ್ಕೆ ಹೋದಾಗ ನಿಮ್ಮ ಕೈಯಲ್ಲಿ ಏನಿರುತ್ತೆ ಅನ್ನೋದು ಮುಖ್ಯ. ಕೆಲಸ ಬಿಟ್ಟ ದಿನವೇ ಕಂಪನಿಯ ಇಮೇಲ್ ಬಂದ್ ಆಗುತ್ತೆ, ಪೇಸ್ಲಿಪ್ ಪೋರ್ಟಲೂ ತೆರೆಯಲ್ಲ. ಹಾಗಾಗಿ ಪ್ರತಿ ತಿಂಗಳ ಪೇಸ್ಲಿಪ್ ಪಿಡಿಎಫ್ ಇಳಿಸಿಕೊಂಡು ನಿಮ್ಮದೇ ಫೋನಿನಲ್ಲಿ ಇಟ್ಟುಕೊಳ್ಳಿ. ಈ ಇಮೇಲ್ ಕಳಿಸುವಾಗ ನಿಮ್ಮ ಸ್ವಂತ ಇಮೇಲನ್ನೂ ಸಿಸಿಯಲ್ಲಿ ಹಾಕೋಕೆ ಕಂಪನಿ ನಿಯಮ ಬಿಡುತ್ತಾ ನೋಡಿಕೊಳ್ಳಿ. ಬಿಡದಿದ್ದರೆ ಕಳಿಸಿದ ದಿನಾಂಕ ಮತ್ತು ವಿಷಯವನ್ನಾದರೂ ಬರೆದಿಟ್ಟುಕೊಳ್ಳಿ.

ಕೊನೆಗೆ, ವಿದ್ಯಾನಗರದ ನಮ್ಮ ಕೇಳುಗರ ಮೊದಲ ಪ್ರಶ್ನೆ: ಕಿರಿಕಿರಿ ಪಾರ್ಟಿ ಅಂದುಕೊಂಡರಾ? ಅವರು ಮೊನ್ನೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಪ್ರೊಬೇಷನ್ ಮುಗಿದಿದೆ, ಕೆಲಸ ಕಾಯಂ ಆಗಿದೆ. ಗೆಳೆಯನ ಸಾಲ ತೀರಿದೆ. ಇವರ ಇಮೇಲ್ ನೋಡಿದ ಮೇಲೆ, ಅದೇ ತಿಂಗಳು ಹರಿಹರಕ್ಕೆ ಹೋಗಿದ್ದ ಇನ್ನಿಬ್ಬರ ಪೇಸ್ಲಿಪ್‌ನಲ್ಲೂ ಎಲ್‌ಒಪಿ ಬಿದ್ದಿರೋದು ಗೊತ್ತಾಯ್ತಂತೆ. ಅವರು ನೋಡಿಕೊಂಡೇ ಇರಲಿಲ್ಲ. ಈಗ ಮ್ಯಾನೇಜರ್ ಯಾರನ್ನೇ ಹರಿಹರಕ್ಕೆ ಕಳಿಸಲಿ, ಹಿಂದಿನ ದಿನವೇ ಆನ್ ಡ್ಯೂಟಿ ಅರ್ಜಿ ಹಾಕಿಸಿಯೇ ಬಸ್ ಹತ್ತಿಸ್ತಾರಂತೆ.

ನಿಮ್ಮ ಈ ತಿಂಗಳ ಪೇಸ್ಲಿಪ್‌ನಲ್ಲಿ Paid Days ಎಷ್ಟಿದೆ, ಒಮ್ಮೆ ತೆರೆದು ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.